ನಾಲ್ಕು ಸಾವಿರ ಏರಿಸಲು ಹೋಗಿ

ನೇರವಾಗಿಯೇ ಹೇಳಿಬಿಡುತ್ತೇನೆ, ನನಗೆ ದುರಾಸೆ ಹುಟ್ಟಿತ್ತು. ಜೆ.ಪಿ. ನಗರದ ಆ ಕಡೆ, ಬಿಳೇಕಹಳ್ಳಿಗೆ ಹೋಗುವ ದಾರಿಯಲ್ಲಿ, ಮೂರನೇ ಮಹಡಿಯಲ್ಲಿ ನನ್ನದೊಂದು ಎರಡು ರೂಮಿನ ಫ್ಲ್ಯಾಟ್ ಇದೆ. ನಾವಿರುವುದು ಜಯನಗರದಲ್ಲಿ. ಸ್ಕೂಲ್ ಟೀಚರ್ ಕೆಲಸ ಬಿಟ್ಟ ಮೇಲೆ ನನ್ನ ಹೆಸರಿನ ಅಕೌಂಟಿಗೆ ಅಂತ ಬರುತ್ತಿದ್ದದ್ದು ಆ ಫ್ಲ್ಯಾಟಿನ ಬಾಡಿಗೆ ಒಂದೇ. ಸೀರೆ ತಗೊಂಡರೆ, ಅಕ್ಕನ ಮಗಳಿಗೆ ಉಡುಗೊರೆ ಕೊಟ್ಟರೆ, ಯಾರನ್ನೂ ಕೇಳಬೇಕಾಗಿಲ್ಲ. ಆ ಸುಖ ಏನೆಂದು ಸಂಬಳ ನಿಂತವರಿಗೆ ಮಾತ್ರ ಗೊತ್ತು.

ಅಲ್ಲಿದ್ದ ಇಬ್ಬರು ಹುಡುಗರು ಖಾಲಿ ಮಾಡಿದರು. ಇಪ್ಪತ್ತೆರಡು ಸಾವಿರ ಕೊಡುತ್ತಿದ್ದರು. ಅದೇ ರಸ್ತೆಯ ಹೊಸ ಬಿಲ್ಡಿಂಗುಗಳಲ್ಲಿ ಇಪ್ಪತ್ತೆಂಟು, ಮೂವತ್ತು ನಡೆಯುತ್ತಿದೆ ಎಂದು ಕೇಳಿ ನನಗೆ ನಿದ್ದೆ ಕೆಟ್ಟಿತು. ಇಪ್ಪತ್ತಾರು ಕೇಳುತ್ತೇನೆ ಎಂದೆ. ನನ್ನ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ.

"ಸುಮ್ನೆ ಇಪ್ಪತ್ತೆರಡಕ್ಕೆ ಕೊಟ್ಬಿಡೆ. ಹಾಲ್‌ನಲ್ಲಿ ಹಗಲಲ್ಲೂ ಮುಖ ಕಾಣಲ್ಲ. ಇಪ್ಪತ್ತಾರು ಕೊಟ್ಟು ಯಾರ್ ಬರ್ತಾರೆ?"

"ಕಾಣೋ ಹಾಗೆ ಮಾಡಿದ್ರೆ?"

"ಮಾಡು. ಮನೆ ಖಾಲಿ ಇದ್ದಷ್ಟು ದಿನ ನನ್ನನ್ನ ದುಡ್ಡು ಕೇಳ್ಬೇಡ, ಅಷ್ಟೇ."

ಆ ಮಾತು ನಾಟಿತು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾವು ಕೊಂಡಾಗ ಪಕ್ಕದಲ್ಲಿ ಖಾಲಿ ಸೈಟಿತ್ತು, ಹಾಲಿಗೆ ಬಿಸಿಲು ಬರುತ್ತಿತ್ತು. ಈಗ ಅಲ್ಲಿ ಐದು ಅಂತಸ್ತಿನ ಕಟ್ಟಡ ಎದ್ದಿದೆ. ನಮ್ಮ ಕಿಟಕಿಯಿಂದ ಕೈ ಚಾಚಿದರೆ ಅವರ ಗೋಡೆಯ ಗಾರೆ ಬೆರಳಿಗೆ ಸಿಗುತ್ತದೆ.

ನಾನು ಸುಮ್ಮನೆ ಕೂರುವವಳಲ್ಲ. ನಲ್ಲಿ, ಲೈಟು ಎರಡನ್ನೂ ನೋಡಿಕೊಳ್ಳುವ ಬನಶಂಕರಿಯ ಒಬ್ಬ ಮೇಸ್ತ್ರಿಯನ್ನು ಹಿಡಿದೆ. ನನಗಿಂತ ಎರಡು ವರ್ಷ ದೊಡ್ಡವನು, ನನಗಿಂತ ಹೆಚ್ಚು ಮಾತಾಡುವವನು. ಹಾಲಿಗೆ ಒಂದೇ ಒಂದು ಟ್ಯೂಬ್‌ಲೈಟಿತ್ತು. ಅದನ್ನು ಕಿತ್ತು ನಾಲ್ಕು ಮೂಲೆಗೆ ಎಲ್‌ಇಡಿ ಹಾಕಿಸಿದೆ. ಬಾತ್‌ರೂಮಿಗೆ ಎರಡು ಬಟನ್ನಿನ ಫ್ಲಶ್ ಟ್ಯಾಂಕ್ ಬಂತು; ಸಣ್ಣದಕ್ಕೆ ಸಣ್ಣ ಬಟನ್, ದೊಡ್ಡದಕ್ಕೆ ದೊಡ್ಡದು. ಮನೆಯ ಅಷ್ಟೂ ನಲ್ಲಿಯ ಬಾಯಿಗೆ ಏರೇಟರ್ ಹಾಕಿಸಿದೆ. ಅದೊಂದು ಪುಟ್ಟ ಜಾಲರಿ. ನೀರಿಗೆ ಗಾಳಿ ಬೆರೆಸಿ ಬಿಡುತ್ತದೆ, ಕಡಿಮೆ ನೀರಿನಲ್ಲೇ ಪಾತ್ರೆ ತೊಳೆದಾಗುತ್ತದೆ. ಊರಿಗೆಲ್ಲ ನೀರು ತಪ್ಪಿದ್ದ ಹಿಂದಿನ ಒಂದು ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ಕಾದು ಸುಸ್ತಾದ ನಮ್ಮ ಅಸೋಸಿಯೇಷನ್ನಿನವರು ಪ್ರತಿ ಫ್ಲ್ಯಾಟಿಗೂ ನೀರಿನ ಮೀಟರ್ ಹಾಕಿಸಿದ್ದರು. ಅಡುಗೆಮನೆಗೊಂದು, ಎರಡು ಬಾತ್‌ರೂಮಿಗೆ ಒಂದೊಂದು, ಹೀಗೆ ಪೈಪಿಗೊಂದರಂತೆ ಮೂರು ಮೀಟರ್. ಬಳಸಿದಷ್ಟಕ್ಕೆ ಬಾಡಿಗೆಯವರೇ ಕಟ್ಟಬೇಕು. ನೀರು ಉಳಿದರೆ ಅವರ ದುಡ್ಡೇ ಉಳಿಯುತ್ತದಲ್ಲ, ಅದಕ್ಕೆ ಸ್ವಲ್ಪ ಬಾಡಿಗೆ ಏರಿಸಿದರೆ ತಪ್ಪೇನು ಎನ್ನುವುದು ನನ್ನ ವಾದ.

ಮೇಸ್ತ್ರಿ ಬಚ್ಚಲಿನ ನಲ್ಲಿಯ ಹತ್ತಿರ ಬಂದಾಗ ಕೈ ನಿಲ್ಲಿಸಿದ.

"ಮೇಡಂ, ಇದಕ್ಕೂ ಹಾಕ್ಲಾ? ಟಾಪ್ ಫ್ಲೋರು, ಟ್ಯಾಂಕು ತಲೆ ಮೇಲೇ ಇದೆ. ಪ್ರೆಷರ್ ಮೊದಲೇ ಕಮ್ಮಿ."

"ಎಲ್ಲದಕ್ಕೂ ಅಂದ್ರೆ ಎಲ್ಲದಕ್ಕೂ. 'ಎಲ್ಲಾ ನಲ್ಲಿಗೂ' ಅಂತ ಬರೆಯೋಕೆ ಚೆನ್ನಾಗಿರುತ್ತೆ."

"ಬರೆಯೋಕೆ ಚೆನ್ನಾಗಿರುತ್ತೆ ಮೇಡಂ," ಎಂದು ಹಾಕಿದ. ಆ ದನಿಯಲ್ಲಿ ಎಚ್ಚರಿಕೆ ಇತ್ತು. ಕೇಳಿಸಿಕೊಳ್ಳುವ ತಾಳ್ಮೆ ನನಗಿರಲಿಲ್ಲ.

ಹೊರಡುವ ಮುಂಚೆ ಅಡುಗೆಮನೆಯಲ್ಲಿ ನಿಂತು ಮತ್ತೆ ಕೇಳಿದ. "ಇಲ್ಲಿ ಲೈಟು ಬೆನ್ನ ಹಿಂದೆ ಇದೆ. ನಿಮ್ ನೆರಳಲ್ಲೇ ನೀವು ತರಕಾರಿ ಹೆಚ್ಚಬೇಕು. ಕಪಾಟಿನ ಕೆಳಗೆ ಒಂದು ಪಟ್ಟಿ ಲೈಟ್ ಎಳೆದುಬಿಡ್ಲಾ? ಉಳಿದಿರೋ ವೈರಲ್ಲೇ ಆಗುತ್ತೆ."

ಹಾಕು, ಏನಾಗುತ್ತೆ ಎಂದೆ. ಹಾಕಿದ ಮೇಲೆ ಮರೆತೂಬಿಟ್ಟೆ.

ಕೊನೆಗೆ ಪೇಂಟ್. ಮಾಮೂಲಿ ಡಿಸ್ಟೆಂಪರ್ ಅಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಲೆ ಹೋಗುವಂಥದ್ದು. ತಿಳಿ ಕೆನೆ ಬಣ್ಣ. ಮನೆ ನಿಜವಾಗಿಯೂ ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು, ಕಿಟಕಿ ತೆಗೆಯದಿದ್ದರೆ.

ಆಮೇಲೆ ನಾನೊಂದು ಪಟ್ಟಿ ಬರೆದೆ. ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ. ಹಾಳೆಯ ಮೇಲೆ ದುಂಡಗೆ, ಹಳೇ ಬಾಡಿಗೆ ಇಪ್ಪತ್ತೆರಡು, ಅದರ ಕೆಳಗೆ 'ಒರೆಸಿದರೆ ಕಲೆ ಹೋಗುವ' ಪೇಂಟಿಗೆ ಒಂದೂವರೆ ಸಾವಿರ, ಲೈಟಿಗೆ ಒಂದೂವರೆ, ನೀರು ಉಳಿಸುವ ಸಾಮಾನಿಗೆ ಒಂದು, ಒಟ್ಟು ಇಪ್ಪತ್ತಾರು. ಅಡುಗೆಮನೆಯ ಕಪಾಟಿಗೆ ಅಂಟಿಸಿದೆ. ಯಾಕೆ ಜಾಸ್ತಿ ಎಂದು ಕೇಳಿದವರಿಗೆ ತೋರಿಸಿದರಾಯಿತು. ನನ್ನ ಗಂಡ ಬಂದು ಓದಿದರು.

"ಹೋಟೆಲ್ ಮೆನು ಇದ್ದ ಹಾಗಿದೆ. ಕಾಫಿ ಎಷ್ಟು?"

ಗೇಟಿಗೆ ಟು-ಲೆಟ್ ಬೋರ್ಡು ಕಟ್ಟಿದೆ, ಫೇಸ್‌ಬುಕ್ಕಿನಲ್ಲಿ ಫೋಟೋ ಹಾಕಿದೆ. ನನ್ನ ಗೋಡೆ ಓದುವವರಿಗೆ ಗೊತ್ತಿರುತ್ತದೆ, ಲೈಕ್‌ಗಳಿಗೇನೂ ಕೊರತೆ ಆಗಲಿಲ್ಲ. ಬಾಡಿಗೆಗೆ ಯಾರೂ ಬರಲಿಲ್ಲ. ನೋಡಲು ಬಂದವರಲ್ಲಿ ಒಬ್ಬ ಬಾಗಿಲಲ್ಲೇ ನಿಂತು "ಲಾಸ್ಟ್ ಎಷ್ಟು ಆಂಟಿ?" ಎಂದ. ಒಳಗೆ ಬನ್ನಿ, ಮೊದಲು ನೋಡಿ ಎಂದೆ. "ನೋಡೋದೇನಿದೆ ಆಂಟಿ, ಲಾಸ್ಟ್ ಹೇಳಿ." ಹೋದ. ಹೊಸದಾಗಿ ಮದುವೆಯಾದ ಜೋಡಿಯೊಂದು ಪೂರ್ತಿ ನೋಡಿತು, ಸೆಲ್ಫಿ ತಗೊಂಡಿತು, ಹೋಯಿತು. ಒಂದು ತಿಂಗಳು ದಾಟಿತು. ನನ್ನ ಅಕೌಂಟಿನಲ್ಲಿ ಉಳಿದದ್ದನ್ನು ನೋಡಲು ಮನಸ್ಸಾಗದೆ ಬ್ಯಾಂಕಿನ ಮೆಸೇಜು ಬಂದರೆ ಫೋನನ್ನು ಮಗುಚಿ ಇಡುತ್ತಿದ್ದೆ. ಇನ್ನೊಂದು ತಿಂಗಳು ಹೀಗೇ ಹೋದರೆ ಗಂಡನ ಮುಂದೆ ಕೈ ಚಾಚಬೇಕು. ಅವರು ಕೊಡುವುದಿಲ್ಲ ಎಂದಲ್ಲ, ಕೊಡುವಾಗ ನಗುತ್ತಾರೆ. ಅದು ನನಗೆ ಬೇಡವಾಗಿತ್ತು.

ಐದನೇ ವಾರದ ಭಾನುವಾರ ಬೆಳಿಗ್ಗೆ ತಾಯಿ ಮಗಳು ಬಂದರು. ಧಾರವಾಡದ ಕಡೆಯವರು. ಮಗಳಿಗೆ ಮೂವತ್ತರ ಆಸುಪಾಸು, ಬಿಟಿಎಂನ ಯಾವುದೋ ಆಫೀಸಿನಲ್ಲಿ ಕೆಲಸ, ಇಷ್ಟು ದಿನ ಅಲ್ಲೇ ಬಾಡಿಗೆಗೆ ಇದ್ದಳು. ತಾಯಿ ಊರಿನಿಂದ ಮಗಳ ಜೊತೆ ಇರಲು ಬಂದಿದ್ದರು. ಸ್ವಂತ ರೊಟ್ಟಿ ವ್ಯಾಪಾರ ಶುರು ಮಾಡುವ ಯೋಚನೆಯಂತೆ. ಬೆಳಿಗ್ಗೆ ಐವತ್ತು ಜೋಳದ ರೊಟ್ಟಿ ತಟ್ಟಿ ಪಕ್ಕದ ಪಿಜಿಗಳಿಗೆ ಕೊಡುವುದು.

ತಾಯಿ ಹಾಲ್ ನೋಡಲಿಲ್ಲ, ಬಾಲ್ಕನಿ ನೋಡಲಿಲ್ಲ. ಅಡುಗೆಮನೆಗೊಮ್ಮೆ ಹೊಕ್ಕು ಬಂದು, ಸೀದಾ ಬಚ್ಚಲಿಗೆ ಹೋಗಿ, ಮೂಲೆಯಲ್ಲಿದ್ದ ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟು ತಿರುಗಿಸಿದರು. ನೀರು ಜಾಲರಿಯಿಂದ ಹತ್ತಿಯ ಎಳೆಯಂತೆ ಇಳಿಯಿತು. ಅವರು ಸೊಂಟಕ್ಕೆ ಕೈ ಇಟ್ಟು ನಿಂತರು. ನಾನೂ ನಿಂತೆ. ಮಗಳು ಫೋನ್ ನೋಡುತ್ತಾ ನಿಂತಳು. ನೀರು ಬಕೆಟ್ಟಿನ ತಳ ಮುಚ್ಚುವಷ್ಟರಲ್ಲಿ ನಾನು ಎರಡು ಸಲ ಕೆಮ್ಮಿದ್ದೆ.

"ಅಕ್ಕಾರ, ಇದು ಸೋರಾಕತ್ತದೋ, ಬರಾಕತ್ತದೋ?"

"ಅದು ನೀರು ಉಳಿಸೋ ಏರೇಟರ್ ಅಮ್ಮಾ," ನಾನು ಪಾಠ ಶುರು ಮಾಡಿದೆ. "ಅರ್ಧ ನೀರಲ್ಲೇ ಕೆಲಸ ಆಗುತ್ತೆ. ಮೀಟರ್ ಇದೆ, ನಿಮ್ಗೇ ಉಳಿತಾಯ."

"ಬಕೆಟ್ ಅರ್ಧ ತುಂಬಿಸಿಕೊಂಡು ಜಳಕಾ ಮಾಡಬೇಕೇನ್ರೀ?"

"ಇಲ್ಲ, ಪೂರ್ತಿ ತುಂಬಿಸ್ಕೊಳ್ಳಿ."

"ಪೂರ್ತಿ ತುಂಬಿಸಿದ್ರ ಒಂದ್ ಬಕೆಟ್ ನೀರು ಒಂದ್ ಬಕೆಟ್ಟೇ ಅಲ್ಲೇನ್ರೀ? ಬಿರುಸ ಬಂದ್ರೂ ಅಷ್ಟ, ಸಾವಕಾಶ ಬಂದ್ರೂ ಅಷ್ಟ. ಉಳಿದದ್ದು ಏನು? ಹೋಗಿದ್ದು ಹೊತ್ತು."

ಇಪ್ಪತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು ನಾನು. ಆ ಬಚ್ಚಲಲ್ಲೇ ನಿಂತು ಮನಸ್ಸಿನಲ್ಲಿ ಲೆಕ್ಕ ಮಾಡಿದೆ. ಕೈ ತೊಳೆಯುವಾಗ, ಪಾತ್ರೆ ತೊಳೆಯುವಾಗ ನೀರು ಹರಿದು ಹೋಗುತ್ತದೆ, ಅಲ್ಲಿ ಜಾಲರಿ ಉಳಿಸುತ್ತದೆ. ಬಕೆಟ್ ತುಂಬಿಸುವಲ್ಲಿ ಅದು ಬರೀ ಕಾಯಿಸುತ್ತದೆ. ಮೇಸ್ತ್ರಿ ಇದನ್ನೇ ಹೇಳಲು ಬಂದಿದ್ದ. ನಾವು ಬಕೆಟ್ ಸ್ನಾನದ ಜನ. ಶವರ್‌ನವರಿಗೆ ಬರೆದ ಉಪದೇಶವನ್ನು ಓದಿ ನಾನು ನನ್ನ ಬಕೆಟ್ಟಿಗೆ ಹಾಕಿದ್ದೆ.

"ಅದನ್ನ ತೆಗೆಸಿಬಿಡ್ತೀನಿ," ಎಂದೆ.

"ತೆಗಸ್ರಿ. ಸಿಂಕಿಂದು ಇರ್ಲಿ, ಅದು ಚಲೋ ಐತಿ," ಎಂದು ತಾಯಿ ಅಡುಗೆಮನೆಗೆ ನಡೆದರು. ಅಲ್ಲಿಯ ನಲ್ಲಿಯನ್ನೂ ಆಗಲೇ ತಿರುಗಿಸಿ ನೋಡಿಯಾಗಿತ್ತು. ನನ್ನ ಕಣ್ಣು ತಪ್ಪಿಸಿ ಯಾವಾಗ ನೋಡಿದರೋ.

ಮಗಳು ಅಷ್ಟರಲ್ಲಿ ನನ್ನ ಮೆನು ಓದುತ್ತಿದ್ದಳು. ಬಿಟಿಎಂನಲ್ಲಿ ನಾಲ್ಕು ವರ್ಷ ಇದ್ದು ಮಾತು ಅರ್ಧ ನಮ್ಮ ಕಡೆಯದಾಗಿತ್ತು.

"ಆಂಟಿ, ಲೈಟಿಗೆ ಒಂದೂವರೆ ಅಂದ್ರೆ ಕರೆಂಟ್ ಉಳೀತದೆ ಅಂತನಾ? ಸರ್ಕಾರದ ಫ್ರೀ ಕರೆಂಟ್ ಇದೆ, ನಮ್ದು ಹೆಂಗೂ ಸೊನ್ನೆ ಬಿಲ್ಲೇ ಬರೋದು."

"ಉಳಿತಾಯಕ್ಕಲ್ಲಮ್ಮ. ಆಫ್ ಮಾಡ್ತೀನಿ ನೋಡು." ನಾನು ಅಡುಗೆಮನೆಯ ಬಾಗಿಲಿಗೆ ಬಂದು ಹಾಲಿನ ಸ್ವಿಚ್ ಒತ್ತಿದೆ. ಬೆಳಗಿನ ಹನ್ನೊಂದು ಗಂಟೆಗೆ ಇಡೀ ಹಾಲ್ ಗೋಡೌನ್ ಆಯಿತು. ಮತ್ತೆ ಹಾಕಿದೆ. "ಕಿಟಕಿಯಿಂದ ಬೆಳಕು ಬರಲ್ಲ. ಸುಳ್ಳು ಯಾಕೆ ಹೇಳಲಿ. ಅದಕ್ಕೇ ಇಷ್ಟು ಹಾಕ್ಸಿರೋದು."

ಅವಳು ನನ್ನ ಕಡೆ ತಿರುಗಿದಳು. "ಇಷ್ಟು ಮನೆ ನೋಡಿದೆ ಆಂಟಿ. ಲೈಟ್ ಆರಿಸಿ ತೋರಿಸಿದ ಓನರ್ ನೀವೊಬ್ರೇ. ಸರಿ, ಲೈಟಿಂದು ಒಪ್ಪಿದೆ." ನನಗೆ ಒಳಗೊಳಗೇ ಖುಷಿಯಾಯಿತು. ಅವಳು ಬೆರಳನ್ನು ಪಟ್ಟಿಯ ಮೇಲಿನ ಸಾಲಿಗೆ ತಂದಳು. "ಪೇಂಟು. ಒಂದೂವರೆ ಸಾವಿರ. ಹಿಂದಿನವರ ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಕೊಂಡ್ರಾ?"

ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದವರಿಗೆಲ್ಲ ಇದು ಗೊತ್ತು. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಅಂತ ಮುರಿದುಕೊಂಡೇ ಅಡ್ವಾನ್ಸ್ ವಾಪಸ್ ಕೊಡುವುದು. ಅಗ್ರಿಮೆಂಟಿನಲ್ಲೇ ಇರುತ್ತದೆ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಇಲ್ಲ ಎಂದುಬಿಡಬಹುದಿತ್ತು. ಆದರೆ ಈಗಷ್ಟೇ ಲೈಟ್ ಆರಿಸಿ ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ.

"ಹಿಡ್ಕೊಂಡೆ," ಎಂದೆ.

"ಹಂಗಂದ್ರ ಈ ಗ್ವಾಡಿ ಆ ಹುಡುಗರು ಬಳಿಸಿದ್ದು," ತಾಯಿ ಸಿಂಕಿನ ಹತ್ತಿರದಿಂದಲೇ ಹೇಳಿದರು. "ಅವರು ಕೊಟ್ಟದ್ದಕ್ಕ ನಾವು ತಿಂಗಳಾ ತಿಂಗಳಾ ಬಾಡಿಗಿ ಯಾಕ್ ಕೊಡೂಣ?"

ಮಗಳು ನಕ್ಕಳು. "ಹೋದ ವಾರ ಅಷ್ಟೇ ಬಿಟಿಎಂನಲ್ಲಿ ನನ್ನ ಹತ್ರ ಕಡಕೊಂಡ್ರು ಆಂಟಿ. ಆ ಮನಿಗೆ ಹೊಸ ಬೋರ್ಡ್ ಹಾಕ್ಯಾರೆ, 'ಫ್ರೆಶ್ಲಿ ಪೇಂಟೆಡ್', ಮೂರು ಸಾವಿರ ಜಾಸ್ತಿ. ಹೊಟ್ಟೆ ಉರೀತದೆ ನೋಡ್ರಿ."

ಒಳ್ಳೆ ಪೇಂಟ್ ಹಾಕಿಸಿದ್ದರಿಂದ ನನ್ನ ಕೈಯಿಂದಲೂ ಎರಡು ಸಾವಿರ ಹೋಗಿದೆ ಎಂದು ಹೇಳಲು ಬಾಯಿ ತೆರೆದೆ. ಎರಡು ಸಾವಿರಕ್ಕೆ ತಿಂಗಳಿಗೆ ಒಂದೂವರೆ ಕೇಳುವುದು ಎಂಥ ಗಣಿತ ಎಂದು ನನಗೇ ಅನ್ನಿಸಿತು. ಚೀಲದಿಂದ ಪೆನ್ನು ತೆಗೆದು ಪೇಂಟಿನ ಸಾಲನ್ನು ಅಡ್ಡ ಗೀಟೆಳೆದು ಹೊಡೆದುಹಾಕಿದೆ. ಹಾಗೆ ಮಾಡಿದ್ದು ಔದಾರ್ಯದಿಂದಲ್ಲ. ತಪ್ಪು ಲೆಕ್ಕ ಕಂಡರೆ ಕೈ ತಾನಾಗಿ ಹೋಗುತ್ತದೆ, ಅಷ್ಟೇ.

"ನೀರಿಂದು ಅರ್ಧ ಕಡೀರಿ," ತಾಯಿ ಹೇಳಿದರು. "ಬಚ್ಚಲದ್ದು ಉಪಯೋಗ ಇಲ್ಲಲ್ಲ."

ಸಾವಿರ ಹೊಡೆದು ಐನೂರು ಬರೆದೆ. ಈಗ ಇಪ್ಪತ್ತನಾಲ್ಕು. ನನ್ನ ಮುಖ ಇಳಿದಿರಬೇಕು. ಅಷ್ಟರಲ್ಲಿ ತಾಯಿ ಕಪಾಟಿನ ಕೆಳಗೆ ಕೈಯಾಡಿಸಿ ಯಾವುದೋ ಸ್ವಿಚ್ ಒತ್ತಿದರು. ಕಟ್ಟೆಯ ಮೇಲೆ ಬಿಳೀ ಬೆಳಕು ಬಿತ್ತು. ಅವರು ಹಿಟ್ಟು ನಾದುವ ಹಾಗೆ ಕಟ್ಟೆಯ ಮೇಲೆ ಅಂಗೈ ಇಟ್ಟರು. ಎಡಕ್ಕೆ ಸರಿದರು, ಬಲಕ್ಕೆ ಸರಿದರು.

"ಯವ್ವಾ, ಇಲ್ನೋಡ," ಮಗಳನ್ನು ಕರೆದರು. "ನೆಳ್ಳ ಬೀಳವಲ್ದು."

"ಅದಾ? ಮೇಸ್ತ್ರಿ ಹಾಕಿದ್ದು," ಎಂದೆ.

"ಊರಾಗ ಮೂವತ್ತು ವರ್ಷ ನನ್ನ ನೆಳ್ಳಿನಾಗ ರೊಟ್ಟಿ ತಟ್ಟೀನ್ರೀ. ಹರಿದದ್ದು ಒಲೀ ಮ್ಯಾಲೆ ಹಾಕಿದ ಮ್ಯಾಲೇ ಗೊತ್ತಾಗ್ತಿತ್ತು." ಅವರು ನನ್ನ ಹಾಳೆಯ ಕಡೆ ತಿರುಗಿದರು. "ಇದನ್ನ ಬರದೇ ಇಲ್ಲಲ್ರೀ ಅಕ್ಕಾರ. ಬರೀರಿ. ಐನೂರು."

"ಅವ್ವಾ, ನೀನು ಏರಿಸಾಕತ್ತೀಯಲ್ಲ," ಮಗಳು ತಲೆ ಚಚ್ಚಿಕೊಂಡಳು.

"ಇದ್ದದ್ದಕ್ಕ ಕೊಡೂಣು. ಇಲ್ಲದ್ದಕ್ಕ ಬ್ಯಾಡ."

ಹೀಗೆ ಇಪ್ಪತ್ತನಾಲ್ಕೂವರೆಗೆ ಮಾತು ನಿಂತಿತು. ನಿಂತಿತು ಎಂದುಕೊಂಡೆ. ಬಾಗಿಲಲ್ಲಿ ಚಪ್ಪಲಿ ಹಾಕುತ್ತಾ ಮಗಳು ಹೇಳಿದಳು:

"ಇನ್ನೊಂದು ಆಂಟಿ. ನಾವು ಎರಡು ವರ್ಷ ಇದ್ರೆ, ಹೋಗುವಾಗ ಪೇಂಟಿಂಗ್ ಕಡಕೋಬಾರ್ದು. ಗೋಡಿ ಒರೆಸಿ ಕೊಡ್ತೀವಿ. ಒರೆಸಿದ್ರೆ ಹೋಗ್ತದೆ ಅಂತ ನೀವೇ ಬರೆದಿದ್ದು. ತೂತು ಹೊಡೆದು ಹಾಳು ಮಾಡಿದ್ರೆ ಆವಾಗ ಹಿಡಕೊಳ್ರಿ."

ಇದು ಕಷ್ಟದ ಮಾತು. ಹೋಗುವವರ ಒಂದು ತಿಂಗಳ ಬಾಡಿಗೆ ನಮ್ಮದು ಎನ್ನುವುದು ನಮ್ಮಂಥ ಓನರ್‌ಗಳಿಗೆ ಹಬ್ಬಕ್ಕೆ ಬರುವ ಬೋನಸ್ ಇದ್ದ ಹಾಗೆ. ಯೋಚಿಸಿ ಹೇಳುತ್ತೇನೆ ಎಂದೆ. ಅವರು ಇಳಿದು ಹೋದ ಮೇಲೆ ಆ ಖಾಲಿ ಹಾಲಿನಲ್ಲಿ ಪೇಂಟಿನ ಖಾಲಿ ಡಬ್ಬದ ಮೇಲೆ ಕೂತೆ. ಎರಡು ವರ್ಷ ಒಂದು ದಿನವೂ ಖಾಲಿ ಬೀಳದ ಮನೆ ಒಂದು ಕಡೆ. ಇನ್ನೊಂದು ಕಡೆ, ಹನ್ನೊಂದು ತಿಂಗಳಿಗೆ ಓಡಿಹೋಗುವವರಿಂದ ಮುರಿದುಕೊಳ್ಳುವ ಒಂದು ತಿಂಗಳು, ಆಮೇಲೆ ಬೋರ್ಡು ಕಟ್ಟಿ ಕಾಯುವ ಐದು ವಾರ. ಮುರಿದುಕೊಂಡದ್ದು ಕಾಯುವುದರಲ್ಲೇ ಹೋಗಿತ್ತಲ್ಲ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಅವರು ಗೇಟು ದಾಟುವ ಮುಂಚೆ ಬಾಲ್ಕನಿಯಿಂದ ಕೂಗಿದೆ.

"ಆಯ್ತಮ್ಮಾ, ಬನ್ನಿ. ಅಗ್ರಿಮೆಂಟ್ ಮಾಡ್ಸೋಣ."

ಮರುದಿನ ಜಯನಗರದಲ್ಲಿ ಸ್ಟ್ಯಾಂಪ್ ಪೇಪರ್ ಮತ್ತು ಜೆರಾಕ್ಸ್ ಅಂಗಡಿಗೆ ಹೋದೆವು. ಅಲ್ಲಿಯವರ ಕಂಪ್ಯೂಟರಿನಲ್ಲಿ ಬಾಡಿಗೆ ಅಗ್ರಿಮೆಂಟ್ ಸಿದ್ಧವಾಗಿಯೇ ಇರುತ್ತದೆ, ಹೆಸರು ಬಾಡಿಗೆ ಬದಲಾಯಿಸಿದರೆ ಮುಗಿಯಿತು. ಟೈಪ್ ಮಾಡುವವರು ನನ್ನಷ್ಟೇ ವಯಸ್ಸಿನವರು. ಪೇಂಟಿಂಗ್ ಸಾಲು ತೆಗೆಯಿರಿ ಎಂದಾಗ ಕನ್ನಡಕ ಇಳಿಸಿದರು.

"ಮೇಡಂ, ಓನರ್ ನೀವು ತಾನೆ?"

"ನಾನೇ."

"ಇದು ಓನರ್ ಕಡೆ ಇರೋ ಸಾಲು. ಎಲ್ರೂ ಇಡ್ತಾರೆ. ತೆಗೆಸಿದವರನ್ನ ನಾನು ನೋಡಿಲ್ಲ."

"ಈಗ ನೋಡಿದ್ರಲ್ಲ. ತೆಗೀರಿ."

"ಅಮ್ಮಾವ್ರು ಏನಾದ್ರೂ ಮದ್ದು ಹಾಕಿದ್ರಾ?" ಎಂದು ತಾಯಿಯ ಕಡೆ ನೋಡಿ ನಕ್ಕರು. ತಾಯಿ ಬಲು ಗಂಭೀರವಾಗಿ "ರೊಟ್ಟಿ ಕೊಡ್ತೀನ್ರೀ, ಮದ್ದಲ್ಲ," ಎಂದರು. ಎರಡು ವರ್ಷ ಇದ್ದರೆ ಪೇಂಟಿಗೆ ಕಡಿತವಿಲ್ಲ, ಗೋಡೆಗೆ ಹಾನಿಯಾದರೆ ಮಾತ್ರ ಅದರ ಖರ್ಚು, ಎಂದು ಹೊಸದಾಗಿ ಟೈಪ್ ಮಾಡಿಸಿದೆವು. ಟೈಪ್ ಮಾಡುವವರಿಗೆ ಆ ವಾಕ್ಯ ಕೈಗೆ ಬರದೆ ಮೂರು ಸಲ ಅಳಿಸಿದರು.

ಹಿಂದಿನ ಹುಡುಗರಿಗೆ ದುಡ್ಡು ವಾಪಸ್ ಕೊಟ್ಟೆಯಾ ಎಂದು ಕಾಮೆಂಟಿನಲ್ಲಿ ಕೇಳುವವರು ಇದ್ದೇ ಇರುತ್ತೀರಿ. ಇಲ್ಲ, ಕೊಡಲಿಲ್ಲ. ಅವರು ಗೋಡೆಗೆ ಹದಿನೇಳು ಮೊಳೆ ಹೊಡೆದಿದ್ದರು, ನಾನೇ ಕಿತ್ತಿದ್ದು. ಆದರೆ ಆ ದುಡ್ಡನ್ನು ಮತ್ತೊಬ್ಬರ ಬಾಡಿಗೆಗೆ ಸೇರಿಸಲಿಲ್ಲ, ಅಷ್ಟರಮಟ್ಟಿಗೆ ನಾನು ಸುಧಾರಿಸಿದ್ದೇನೆ.

ಮೇಸ್ತ್ರಿ ಬಂದು ಬಚ್ಚಲಿನ ಜಾಲರಿ ತೆಗೆದ. ಅದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟು, "ಬರೆಯೋಕೆ ಇಟ್ಕೊಳ್ಳಿ ಮೇಡಂ," ಎಂದ.

ಮೊದಲ ತಿಂಗಳ ಬಾಡಿಗೆ ಬಂದ ದಿನ ಫೋನನ್ನು ಮಗುಚಿ ಇಡಲಿಲ್ಲ. ಗಂಡನ ಮುಖದ ಹತ್ತಿರ ಹಿಡಿದೆ.

"ಇಪ್ಪತ್ತಾರು ಅಲ್ವಲ್ಲ ಇದು," ಎಂದರು.

"ಇಪ್ಪತ್ತೆರಡೂ ಅಲ್ಲ."

ಅದೇ ಸಂಜೆ ಜಯನಗರದ ನಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದೆ. ಈಳಿಗೆಮಣೆಯಾಗಲಿ ಚಾಕುವಾಗಲಿ, ನನ್ನ ಕೈ ಕಾಣದೆ ಬೆರಳ ತುದಿ ಕೊಯ್ದುಕೊಳ್ಳುವುದು ನನ್ನ ಹಳೇ ಚಾಳಿ. ತಿರುಗಿ ನೋಡಿದೆ. ಟ್ಯೂಬ್‌ಲೈಟು ನನ್ನ ಬೆನ್ನ ಹಿಂದೆ ಇತ್ತು. ನನ್ನ ನೆರಳು ಹುರುಳಿಕಾಯಿಯ ಮೇಲೆ ಮಲಗಿತ್ತು. ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ. ಮೇಸ್ತ್ರಿಗೆ ಫೋನ್ ಮಾಡಿದೆ. ಅವನು ನಾಳೆ ಬರುತ್ತೇನೆ ಎಂದ. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ನನ್ನ ಗಂಡ ಕೇಳಿಸಿಕೊಂಡರು.

"ಇಲ್ಲಿ ಲೈಟ್ ಹಾಕ್ಸಿ ಯಾರ ಬಾಡಿಗೆ ಏರಿಸ್ತೀಯೆ?"

"ನಿಮ್ದೇ," ಎಂದೆ. "ಐನೂರು."

ಮುಂದಿನ ತಿಂಗಳ ಒಂದನೇ ತಾರೀಖು ನನ್ನ ಅಕೌಂಟಿಗೆ ಎರಡು ಸಲ ದುಡ್ಡು ಬಂತು.